"ಸೆರಗು ಹೊಲಿದ ಹಳೇ ಸೀರೆ" ಎಂಬ ರಿವ್ಯೂಗೆ ಅಂಗಡಿಯ ಉತ್ತರ

ನಮಸ್ಕಾರ ಮೇಡಂ,

ನಿಮ್ಮ ರಿವ್ಯೂ ಓದಿದೆವು. ಗೌರಿ ಹಬ್ಬಕ್ಕೆ ಅಂತ ಆಸೆಪಟ್ಟು ತರಿಸಿದ ಸೀರೆಯನ್ನು ಬಿಚ್ಚಿದಾಗ ಸೆರಗಿನ ಹತ್ತಿರ ಜೋಡಿಸಿದ ಗೆರೆ ಕಂಡರೆ ಯಾರಿಗಾದರೂ ಬೇಜಾರಾಗುತ್ತದೆ. ಆದರೆ "ಹರಿದ ಸೀರೆಗೆ ಬೇರೆ ಸೆರಗು ಹೊಲಿದು ಮೋಸ ಮಾಡಿದ್ದಾರೆ" ಎಂಬ ಮಾತು ನಿಜವಲ್ಲ. ನೀವು ಫೋಟೋ ಹಾಕಿರುವ ಆ ಗೆರೆ ಹೊಲಿಗೆ ಅಲ್ಲ, ಕೊಂಡಿ. ಇಳಕಲ್ ಸೀರೆಯ ಗುರುತೇ ಅದು.

ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು, ನಮ್ಮಲ್ಲಿ ಒಡಲಿಗೆ ಬೇರೆ, ಸೆರಗಿಗೆ ಬೇರೆ. ನಿಮ್ಮ ಸೀರೆಯಲ್ಲಿ ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ನೇಯುವುದಕ್ಕೆ ಮೊದಲೇ ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಇದು ಪೂರ್ತಿ ಕೈಕೆಲಸ, ತುಂಬಾ ತಾಳ್ಮೆ ಬೇಕು. ಆಮೇಲೆ ಇಡೀ ಸೀರೆ ಒಂದೇ ಮಗ್ಗದಲ್ಲಿ, ಒಂದೇ ಸಲಕ್ಕೆ ಇಳಿಯುತ್ತದೆ. ಸೀರೆಯನ್ನು ತಿರುವಿ ಹಾಕಿ, ಕೆಂಪು ಸೆರಗು ಶುರುವಾಗುವ ಕಡೆ ಬೆರಳಾಡಿಸಿ ನೋಡಿ. ಸಾಲಾಗಿ ಸಣ್ಣ ಉಬ್ಬು ಸಿಗುತ್ತದೆ. ಸೂಜಿಯ ತೂತು, ಹೊಲಿಗೆ ದಾರ ಎರಡೂ ಇರುವುದಿಲ್ಲ. ಮನೆಯಲ್ಲಿ ಹಿರಿಯರ ಹಳೆಯ ಇಳಕಲ್ ಸೀರೆ ಇದ್ದರೆ ಪಕ್ಕದಲ್ಲಿಟ್ಟು ನೋಡಿ, ಅದರಲ್ಲೂ ಇದೇ ಗೆರೆ ಕಾಣುತ್ತದೆ.

"ಪೂರ್ತಿ ರೇಷ್ಮೆ ಅಂತ ಹೇಳಿ ಹತ್ತಿ ಕೊಟ್ಟರು" ಅಂತಲೂ ಬರೆದಿದ್ದೀರಿ. ನೀವು ಆರ್ಡರ್ ಮಾಡಿದ ಪುಟದಲ್ಲಿ "ಹತ್ತಿ ಒಡಲು, ರೇಷ್ಮೆ ಸೆರಗು" ಎಂದೇ ಇದೆ, ಬೆಲೆಯೂ ಅದಕ್ಕೆ ತಕ್ಕಂತೆ ಇದೆ. ಒಡಲಿಗೂ ರೇಷ್ಮೆ ಹಾಕಿದ ಸೀರೆ ನಮ್ಮಲ್ಲಿ ಬೇರೆಯಾಗಿ ಇದೆ, ಅದರ ಬೆಲೆ ಜಾಸ್ತಿ.

ಇಷ್ಟು ಹೇಳಿದ ಮೇಲೂ ಸೀರೆ ನಿಮಗೆ ಒಪ್ಪದಿದ್ದರೆ ಖಂಡಿತ ವಾಪಸ್ ಕಳಿಸಿ. ವಾಪಸ್ ಮಾಡುವ ದಿನ ದಾಟಿದೆ, ಪರವಾಗಿಲ್ಲ. ಉಟ್ಟಿರಬಾರದು, ಒಗೆದಿರಬಾರದು, ಅಷ್ಟೇ. ಕೊರಿಯರ್ ಖರ್ಚು ನಮ್ಮದು, ದುಡ್ಡು ಪೂರ್ತಿ ವಾಪಸ್. ಇದಕ್ಕಾಗಿ ನೀವು ರಿವ್ಯೂ ಅಳಿಸಬೇಕಿಲ್ಲ, ಸ್ಟಾರ್ ಬದಲಿಸಬೇಕಿಲ್ಲ. ನಿಮಗೆ ಅನಿಸಿದ್ದನ್ನು ಬರೆಯುವ ಹಕ್ಕು ನಿಮಗಿದೆ. ಮೋಸ ಅನ್ನುವ ಮಾತು ಮಾತ್ರ ನೇಯ್ದವರ ಮನಸ್ಸಿಗೆ ತಾಗುತ್ತದೆ, ಅದಕ್ಕೇ ಇಷ್ಟು ಉದ್ದ ಬರೆಯಬೇಕಾಯಿತು.

ಇದನ್ನು ಓದುತ್ತಿರುವ ಬೇರೆ ಗ್ರಾಹಕರಿಗೂ ಒಂದು ಮಾತು. ಕೊಂಡಿಯನ್ನು ಮೊದಲ ಸಲ ನೋಡುವವರಿಗೆ ಇಂಥ ಅನುಮಾನ ಬರುವುದು ಸಹಜ. ಅದಕ್ಕೆ ಪ್ರತಿ ಸೀರೆಯ ಪುಟದಲ್ಲೂ ಕೊಂಡಿಯ ಹಿಂಬದಿಯ ಫೋಟೋ ಹಾಕುತ್ತಿದ್ದೇವೆ. ಏನೇ ಕೇಳುವುದಿದ್ದರೂ ಆರ್ಡರ್ ಮಾಡುವ ಮೊದಲೇ ಕೇಳಿ, ಸಂಕೋಚ ಬೇಡ.

ಮೇಡಂ, ವಾಪಸ್ ಕಳಿಸುವ ವಿವರವನ್ನು ನಿಮ್ಮ ಆರ್ಡರ್‌ನ ಚಾಟ್‌ನಲ್ಲಿ ಹಾಕಿದ್ದೇವೆ. ಯಾವ ದಿನ ಮನೆಯಲ್ಲಿರುತ್ತೀರಿ ಅಂತ ಅಲ್ಲೇ ತಿಳಿಸಿದರೆ ಕೊರಿಯರ್‌ನವರನ್ನು ಕಳಿಸುತ್ತೇವೆ.

ಅಂಗಡಿಯವರು, ಇಳಕಲ್