ಇನ್ನೊಂದು ರೂಟರ್

ಅರ್ಜಿಯ ಗಡುವು ರಾತ್ರಿ 11:59. ಗಿರೀಶನ ಸೈಬರ್ ಕೆಫೆಯಲ್ಲಿ ಎಂಟು ಗಂಟೆಗೆ ಆಗಷ್ಟೇ ಹೊತ್ತಿಸಿದ ಮೂರನೆಯ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಕೈಕೊಟ್ಟಿತು, ಹಿಂದೆಯೇ ಹಾಗೆಯೇ ಹೊತ್ತಿಸಿದ ಐದನೆಯದರಲ್ಲೂ. ಅವನು ತನಗೆ ಗೊತ್ತಿದ್ದ ಮದ್ದನ್ನೇ ಕೊಟ್ಟ: ರೀಸ್ಟಾರ್ಟ್. ಆದರೂ ಪುಟಗಳು ತೆರೆಯಲಿಲ್ಲ. ಮುನ್ನೆಚ್ಚರಿಕೆಗೆಂದು ಚೆನ್ನಾಗಿದ್ದ ಎರಡನೆಯದನ್ನೂ ರೀಸ್ಟಾರ್ಟ್ ಮಾಡಿದ. ಅದೂ ಹೋಯಿತು.

"ಅಣ್ಣಾ, ನನ್ನದು ಶುಲ್ಕ ಕಟ್ಟುವ ಪುಟದಲ್ಲಿದೆ" ಎಂದಳು ನಾಲ್ಕನೆಯದರಲ್ಲಿ ಕುಳಿತಿದ್ದ ಹುಡುಗಿ. "ದಯವಿಟ್ಟು ಇದನ್ನು ಮುಟ್ಟಬೇಡಿ."

ಸೇವಾದಾರರಿಗೆ ಫೋನ್ ಮಾಡಿದರೆ ಲೈನ್ ಸರಿಯಿದೆ ಎಂಬ ಉತ್ತರ. ಅದು ನಿಜವೂ ಆಗಿತ್ತು. ಬೆಳಿಗ್ಗೆಯಿಂದ ಆರಿಸದೆ ಇದ್ದ ಅವನ ಮೇಜಿನ ಕಂಪ್ಯೂಟರಿನಲ್ಲಿ ಎಲ್ಲ ಪುಟಗಳೂ ತೆರೆಯುತ್ತಿದ್ದವು. ಆರಿ ಹೊತ್ತಿಕೊಂಡವು ಮಾತ್ರ ಕೆಟ್ಟಿವೆ! ಗಿರೀಶ ಮೂರನೆಯದರ ಮುಂದೆ ಕುಳಿತು `ipconfig /all` ಒತ್ತಿದ.

```
IPv4 Address    : 192.168.0.104
Default Gateway : 192.168.0.1
DHCP Server     : 192.168.0.1
```

ಅವನ ರೂಟರ್ ಇರುವುದು 192.168.1.1ರಲ್ಲಿ. ಹಾಗಾದರೆ ಈ 0.1 ಯಾರು? ಹೊಸದಾಗಿ ಹೊತ್ತಿಕೊಂಡ ಕಂಪ್ಯೂಟರ್ ವಿಳಾಸ ಬೇಕೆಂದು ಕೂಗಿದಾಗ ಮೊದಲು ಓಗೊಟ್ಟವನ ಮಾತನ್ನೇ ನಂಬುತ್ತದೆ. ಯಾರೋ ಅಸಲಿ ರೂಟರಿಗಿಂತ ಮುಂಚೆ ಓಗೊಡುತ್ತಿದ್ದಾರೆ, ಮತ್ತು ಅವರ ಬಳಿ ಇಂಟರ್ನೆಟ್ ಇಲ್ಲ. ಹಳೆಯ ವಿಳಾಸ ಹಿಡಿದುಕೊಂಡವು ಮಾತ್ರ ಬದುಕಿವೆ.

ಅವನು ಮೇಜಿನಡಿ ತೂರಿ ನೆಟ್‌ವರ್ಕ್ ಸ್ವಿಚ್ಚಿನ ಕೇಬಲ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿದ. ಕೊನೆಯ ಪೋರ್ಟಿನಲ್ಲಿ ಅವನು ಹಾಕದ ಒಂದು ನೀಲಿ ಕೇಬಲ್. ಅದು ಮರದ ಅಡ್ಡಗೋಡೆಯ ಕೆಳಗಿನಿಂದ ಜೆರಾಕ್ಸ್ ಕೋಣೆಗೆ ನುಸುಳಿ, ಕಾಗದದ ಕಟ್ಟುಗಳ ಹಿಂದೆ ಹಸಿರು ದೀಪ ಮಿಟುಕಿಸುತ್ತಿದ್ದ ರೂಟರಿನಲ್ಲಿ ಮುಗಿದಿತ್ತು. ಅಟ್ಟದ ಮೇಲೆ ಬಿದ್ದಿದ್ದ ಹಳೆಯದು.

"ಇಲ್ಲಿ ವೈಫೈ ಸಿಗುತ್ತಿರಲಿಲ್ಲ ಸರ್" ಎಂದ ಜೆರಾಕ್ಸ್ ಹುಡುಗ. "ಸಂಜೆ ಜೋಡಿಸಿದೆ. ಆದರೂ ಬರಲಿಲ್ಲ."

"ನಿನಗೂ ಬರಲಿಲ್ಲ, ಊರಿಗೂ ಬರಲಿಲ್ಲ."

ಬೈಯುವುದನ್ನು ನಾಳೆಗಿಟ್ಟು ಗಿರೀಶ ಕೇಬಲ್ ಕಿತ್ತ. ವಿಳಾಸ ಹಂಚುವ ಡಿಎಚ್‌ಸಿಪಿ ನಿಲ್ಲಿಸಿ ಜೋಡಿಸಿದ್ದರೆ ಅದೇ ಪೆಟ್ಟಿಗೆ ಸಾಧುವಾಗಿ ವೈಫೈ ಹಂಚುತ್ತಿತ್ತು; ಆ ಪಾಠಕ್ಕೂ ಈಗ ಪುರುಸೊತ್ತಿಲ್ಲ. ಕಂಪ್ಯೂಟರ್‌ಗಳನ್ನು ಮತ್ತೆ ರೀಸ್ಟಾರ್ಟ್ ಮಾಡಿದ. ಈ ಸಲ ಎರಡು, ಮೂರು, ಐದು ಸಾಲಾಗಿ ಎದ್ದವು. ಬಾಗಿಲಲ್ಲಿ ನಿಂತಿದ್ದವರು ತಳ್ಳಾಡುತ್ತಾ ಕುರ್ಚಿ ಹಿಡಿದರು.

ನಾಲ್ಕನೆಯದರ ಪರದೆಯ ಮೇಲೆ ಅರ್ಜಿ ಸಂಖ್ಯೆ ಮೂಡಿತು. ಹುಡುಗಿ ಅದನ್ನು ಅಂಗೈ ಮೇಲೂ ಬರೆದುಕೊಂಡಳು.

"ಪ್ರಿಂಟ್ ಕೊಡಲೇನಮ್ಮಾ?"

"ಎರಡು ಪ್ರತಿ ಅಣ್ಣಾ."

ಅಷ್ಟರಲ್ಲಿ ಐದನೆಯದರಿಂದ ಒಬ್ಬರು ಕೈ ಎತ್ತಿದರು: ಸಹಿಯ ಫೈಲ್ ದೊಡ್ಡದಾಯಿತಂತೆ, ತೆಗೆದುಕೊಳ್ಳುತ್ತಿಲ್ಲವಂತೆ. ಗಿರೀಶ ಅತ್ತ ಓಡಿದ.