ಪ್ಲೇಸ್‌ಮೆಂಟ್ ಬ್ರೇಕ್‌ಡೌನ್ ವರದಿ: ಫೀಡ್, ಸ್ಟೋರೀಸ್, ರೀಲ್ಸ್ – ಕಳೆದ 28 ದಿನ

ಎಲ್ಲರಿಗೂ ನಮಸ್ಕಾರ,

ಬ್ಯಾಗ್ ಕ್ಯಾಂಪೇನ್‌ನ ಲೆಕ್ಕ ಇದು, ಪ್ಲೇಸ್‌ಮೆಂಟ್ ಅಂದರೆ ಆ್ಯಡ್ ಕಾಣುವ ಜಾಗದ ಪ್ರಕಾರ ಬಿಡಿಸಿದ್ದು. ಮೇಲಿನ ಸಾಲು ಮಾತ್ರ ನೋಡಿದರೆ ಎಲ್ಲ ಚೆನ್ನಾಗಿದೆ. 400 ಆರ್ಡರ್ ಬಂದಿದೆ, ಒಂದು ಆರ್ಡರ್‌ಗೆ ಬಿದ್ದ ಖರ್ಚು ನಾವು ಹಾಕಿಕೊಂಡ ಮಿತಿಯೊಳಗೇ ಇದೆ. ಆದರೆ ಒಳಗೆ ಬಿಡಿಸಿ ನೋಡಿದಾಗ, ಬಜೆಟ್‌ನ 19% ಖರ್ಚಾದ ಜಾಗದಿಂದ ಬಂದಿರುವುದು ಬರೀ 20 ಆರ್ಡರ್. ಫೀಡ್ ಚೆನ್ನಾಗಿ ದುಡಿದು ಆ ನಷ್ಟವನ್ನು ಮುಚ್ಚಿಟ್ಟಿದೆ.

| ಪ್ಲೇಸ್‌ಮೆಂಟ್ | ಖರ್ಚಿನ ಪಾಲು | ಆರ್ಡರ್ | ಒಂದು ಆರ್ಡರ್‌ನ ಖರ್ಚು (ಸರಾಸರಿ = 1) |
|---|---|---|---|
| ಇನ್‌ಸ್ಟಾಗ್ರಾಮ್ ಫೀಡ್ | 31% | 176 | 0.70 |
| ಫೇಸ್‌ಬುಕ್ ಫೀಡ್ | 18% | 96 | 0.75 |
| ಇನ್‌ಸ್ಟಾಗ್ರಾಮ್ ಸ್ಟೋರೀಸ್ | 16% | 52 | 1.23 |
| ಇನ್‌ಸ್ಟಾಗ್ರಾಮ್ ರೀಲ್ಸ್ | 24% | 60 | 1.60 |
| ಫೇಸ್‌ಬುಕ್ ರೀಲ್ಸ್ | 7% | 12 | 2.33 |
| ಆಡಿಯನ್ಸ್ ನೆಟ್‌ವರ್ಕ್ | 4% | 4 | 4.00 |

ಈ ಟೇಬಲ್ ನೋಡಿದ ತಕ್ಷಣ "ರೀಲ್ಸ್ ನಿಲ್ಲಿಸಿಬಿಡೋಣ" ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ನಿಲ್ಲಿಸಬೇಡಿ. ಇದೇ ಬ್ರೇಕ್‌ಡೌನ್ ಅನ್ನು ಒಂದೊಂದು ಆ್ಯಡ್‌ಗೂ ಹಾಕಿ ನೋಡಿದಾಗ ಕಥೆಯೇ ಬೇರೆ.

ಇನ್‌ಸ್ಟಾಗ್ರಾಮ್ ರೀಲ್ಸ್

ಇಲ್ಲಿ ಎರಡು ಆ್ಯಡ್ ಓಡಿವೆ. ಒಂದು, ಬ್ಯಾಗ್‌ಗೆ ಲ್ಯಾಪ್‌ಟಾಪ್, ಬಾಟಲಿ, ಬಟ್ಟೆ ತುಂಬಿಸಿ ತೋರಿಸುವ ಉದ್ದ ವಿಡಿಯೊ, 9:16 ಅಳತೆಯದ್ದು. ಇನ್ನೊಂದು, ಫೀಡ್‌ಗೆ ಅಂತ ಮಾಡಿದ ಚೌಕ ಚಿತ್ರ. ಎಲ್ಲ ಪ್ಲೇಸ್‌ಮೆಂಟ್ ಆನ್ ಆಗಿದ್ದರಿಂದ ಅದು ಹಾಗೇ ರೀಲ್ಸ್‌ಗೂ ಹೋಗಿದೆ.

ವಿಡಿಯೊಗೆ ಬಜೆಟ್‌ನ 9% ಹೋಗಿದೆ, 44 ಆರ್ಡರ್ ಬಂದಿದೆ. ಒಂದು ಆರ್ಡರ್‌ನ ಖರ್ಚು 0.82. ಫೀಡ್‌ಗೆ ಹತ್ತಿರ ಹತ್ತಿರ ಅದೇ. ಚೌಕ ಚಿತ್ರಕ್ಕೆ 15% ಹೋಗಿದೆ, ಬಂದಿದ್ದು 16 ಆರ್ಡರ್, ಖರ್ಚು 3.75. ಅಂದರೆ ರೀಲ್ಸ್‌ಗೆ ನಮ್ಮ ಗಿರಾಕಿಗಳು ಬರುತ್ತಿದ್ದಾರೆ. ಅಲ್ಲಿಗೆ ಹೊಂದದ ಚಿತ್ರವೇ ಹಣ ತಿನ್ನುತ್ತಿದೆ.

ಯಾಕೆ ಅಂತ ತಿಳಿಯಲು ಅದನ್ನು ಫೋನ್‌ನಲ್ಲೇ ತೆರೆದು ನೋಡಬೇಕು. ರೀಲ್ಸ್‌ನ ಅಳತೆ 1080 x 1920 ಪಿಕ್ಸೆಲ್. ನಮ್ಮ ಚಿತ್ರ 1080 x 1080. ಅದು ಮಧ್ಯದಲ್ಲಿ ಕೂತು, ಮೇಲೂ ಕೆಳಗೂ ಖಾಲಿ ಬಣ್ಣ ತುಂಬಿಕೊಂಡಿದೆ. ಸ್ಕ್ರೀನ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ನಮ್ಮದು. ಅದರ ಮೇಲೆ, ರೀಲ್ಸ್‌ನಲ್ಲಿ ಕೆಳಗಿನ 35% ಜಾಗ ಖಾಲಿ ಬಿಡಿ ಅಂತ ಮೆಟಾ ಹೇಳುತ್ತದೆ, ಯಾಕೆಂದರೆ ಖಾತೆಯ ಹೆಸರು, ಕ್ಯಾಪ್ಷನ್, ಬಟನ್ ಎಲ್ಲ ಅಲ್ಲೇ ಬರುತ್ತವೆ. ಆ ಜಾಗ ಶುರುವಾಗುವುದು ಮೇಲಿನಿಂದ 1248ನೇ ಪಿಕ್ಸೆಲ್‌ಗೆ. ನಮ್ಮ ಚಿತ್ರ ಮುಗಿಯುವುದು 1500ಕ್ಕೆ. ಹಾಗಾಗಿ ಚಿತ್ರದ ಕೆಳಗಿನ ಕಾಲುಭಾಗ ಅಲ್ಲಿ ಸಿಕ್ಕಿಕೊಂಡಿದೆ. ಅಲ್ಲಿ ನಾವು ಬರೆದಿದ್ದೇನು? "ಮೊದಲ ಆರ್ಡರ್‌ಗೆ ಡೆಲಿವರಿ ಉಚಿತ." ಇಡೀ ಆ್ಯಡ್‌ನಲ್ಲಿ ಜನರನ್ನು ತಡೆದು ನಿಲ್ಲಿಸಬೇಕಾಗಿದ್ದ ಒಂದೇ ಸಾಲು ಕ್ಯಾಪ್ಷನ್ ಅಕ್ಷರಗಳ ಜೊತೆ ಕಲಸಿಹೋಗಿದೆ.

ಆದರೆ ಇಷ್ಟು ಕೆಟ್ಟದಾಗಿ ಕಾಣುವ ಚಿತ್ರಕ್ಕೆ ಸಿಸ್ಟಮ್ ಯಾಕೆ 15% ಸುರಿಯಿತು? ಇದು ಮುಖ್ಯ. ಚೌಕ ಚಿತ್ರ ಇರುವ ಆ್ಯಡ್ ಸೆಟ್‌ನ ಗುರಿ "ಲಿಂಕ್ ಕ್ಲಿಕ್" ಅಂತ ಇದೆ, "ಪರ್ಚೇಸ್" ಅಂತ ಅಲ್ಲ. ಕ್ಲಿಕ್ ಕೇಳಿದ್ದೆವು, ಅಗ್ಗದ ಕ್ಲಿಕ್ ಎಲ್ಲಿ ಸಿಗುತ್ತದೋ ಅಲ್ಲಿಗೆ ಹಣ ಹೋಯಿತು. ಸಿಸ್ಟಮ್ ತನ್ನ ಕೆಲಸ ಸರಿಯಾಗೇ ಮಾಡಿದೆ.

ಆಡಿಯನ್ಸ್ ನೆಟ್‌ವರ್ಕ್

ಇದೂ ಅದೇ ಆ್ಯಡ್ ಸೆಟ್‌ನ ಫಲ. ರೀಲ್ಸ್‌ನ ಚೌಕ ಚಿತ್ರದ 15%, ಇಲ್ಲಿನ 4% ಸೇರಿದ್ದೇ ಮೊದಲು ಹೇಳಿದ 19%. ಕ್ಲಿಕ್ ದರ ನೋಡಿದರೆ ಇಡೀ ಅಕೌಂಟ್‌ನಲ್ಲಿ ಇದೇ ಮೊದಲು. ವಾರದ ಶೀಟ್‌ನಲ್ಲಿ ಇದು ಹಸಿರು ಬಣ್ಣದಲ್ಲಿ ಮಿಂಚುತ್ತಿತ್ತು. ಆದರೆ ಲಿಂಕ್ ಕ್ಲಿಕ್ ಪಕ್ಕದಲ್ಲಿ ಲ್ಯಾಂಡಿಂಗ್ ಪೇಜ್ ವ್ಯೂ ಕಾಲಂ ಇಟ್ಟು ನೋಡಿ. ಇನ್‌ಸ್ಟಾಗ್ರಾಮ್ ಫೀಡ್‌ನಲ್ಲಿ 100 ಕ್ಲಿಕ್‌ಗೆ 82 ಸಲ ಪೇಜ್ ತೆರೆದಿದೆ. ಇಲ್ಲಿ 100ಕ್ಕೆ 31. ಉಳಿದವರು ಪೇಜ್ ಬರುವ ಮೊದಲೇ ವಾಪಸ್ ಹೋಗಿದ್ದಾರೆ. ಬೇರೆ ಆ್ಯಪ್‌ಗಳ ಒಳಗೆ ಕಾಣುವ ಆ್ಯಡ್ ಇವು, ಮುಚ್ಚಲು ಹೋಗಿ ಬೆರಳು ತಾಗುವುದು ಮಾಮೂಲು. ಇದಕ್ಕೆ ಇನ್ನು ಮುಂದೆ ನಮ್ಮ ಹಣ ಬೇಡ.

ಸ್ಟೋರೀಸ್

ಇಲ್ಲಿ ನನಗೆ ಅಷ್ಟು ಖಚಿತವಾಗಿ ತೀರ್ಪು ಕೊಡಲು ಮನಸ್ಸಿಲ್ಲ. 1.23 ಅನ್ನುವುದು ತೀರಾ ಕೆಟ್ಟದ್ದಲ್ಲ. ಆದರೆ ನಮ್ಮ ಸೆಟ್ಟಿಂಗ್ 7 ದಿನದ ಕ್ಲಿಕ್, 1 ದಿನದ ವ್ಯೂ. ಅಂದರೆ ಕ್ಲಿಕ್ ಮಾಡಿ 7 ದಿನದೊಳಗೆ ಅಥವಾ ಬರೀ ನೋಡಿ 1 ದಿನದೊಳಗೆ ಕೊಂಡರೆ ಆ ಆರ್ಡರ್ ಆ್ಯಡ್‌ನ ಲೆಕ್ಕಕ್ಕೆ. ಎರಡನ್ನೂ ಬೇರೆ ಮಾಡಿದಾಗ, ಸ್ಟೋರೀಸ್‌ನ 52 ಆರ್ಡರ್‌ನಲ್ಲಿ 20 ಆರ್ಡರ್ ಬರೀ "ನೋಡಿದ್ದಕ್ಕೆ" ಬಂದಿವೆ. ಇನ್‌ಸ್ಟಾಗ್ರಾಮ್ ಫೀಡ್‌ನಲ್ಲಿ 176ರಲ್ಲಿ 24 ಮಾತ್ರ ಹಾಗೆ. ಸ್ಟೋರೀಸ್ ಖರ್ಚಿನ ಹೆಚ್ಚಿನ ಪಾಲು ಹೋಗಿರುವುದು ಕಾರ್ಟ್‌ಗೆ ಹಾಕಿ ಬಿಟ್ಟುಹೋದವರಿಗೆ. ಅವರಲ್ಲಿ ಎಷ್ಟೋ ಜನ ಆ್ಯಡ್ ಕಾಣದಿದ್ದರೂ ವಾಪಸ್ ಬಂದು ಕೊಳ್ಳುತ್ತಿದ್ದರು ಅನ್ನುವುದು ನನ್ನ ಅಂದಾಜು. ಅದಕ್ಕೇ ಬಜೆಟ್ ಕಡಿಮೆ ಮಾಡುವುದಕ್ಕಿಂತ ಮೊದಲು ಆ ಪಟ್ಟಿಯನ್ನು ಕಿರಿದು ಮಾಡೋಣ: ಕೊನೆಯ 30 ದಿನದ ಬದಲು ಕೊನೆಯ 7 ದಿನ.

ಇನ್ನೊಂದು ಚಿಕ್ಕ ವಿಷಯ. ಸ್ಟೋರೀಸ್‌ನಲ್ಲಿ ಚಿತ್ರ ನಿಲ್ಲುವುದು 5 ಸೆಕೆಂಡ್. ನಾವು ಅದರಲ್ಲಿ ನಾಲ್ಕು ಸಾಲು ಬರೆದಿದ್ದೇವೆ. ಒಂದು ಸಾಲು ಸಾಕು.

ಫೇಸ್‌ಬುಕ್ ರೀಲ್ಸ್

2.33 ನೋಡಿ ಗಾಬರಿ ಬೇಡ. ಇಲ್ಲಿ ಇರುವುದೇ 12 ಆರ್ಡರ್, ನಾಲ್ಕು ಹೆಚ್ಚು ಕಡಿಮೆಯಾದರೂ ಈ ಅಂಕಿ ತಲೆಕೆಳಗಾಗುತ್ತದೆ. ಜೊತೆಗೆ ಇಲ್ಲಿ ಓಡಿದ್ದು ಉದ್ದ ವಿಡಿಯೊ, ಅದರ ಆ್ಯಡ್ ಸೆಟ್‌ನ ಗುರಿ ಪರ್ಚೇಸ್. ಗುರಿ ಸರಿ ಇದ್ದಾಗ ಸಿಸ್ಟಮ್ ನೋಡುವುದು ಮುಂದಿನ ಆರ್ಡರ್ ಎಲ್ಲಿ ಅಗ್ಗವಾಗಿ ಸಿಗುತ್ತದೆ ಅಂತ. ಟೇಬಲ್ ತೋರಿಸುವುದು ಆಗಿಹೋದ ಆರ್ಡರ್‌ಗಳ ಸರಾಸರಿ. ಫೀಡ್‌ನಲ್ಲಿ ಸುಲಭದ ಆರ್ಡರ್ ಮುಗಿದ ಮೇಲೆ ಅಲ್ಲಿನ ಮುಂದಿನ ಆರ್ಡರ್‌ಗೆ 0.70 ಸಾಕಾಗುವುದಿಲ್ಲ. ಸರಾಸರಿ ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ ಪ್ಲೇಸ್‌ಮೆಂಟ್ ಕಿತ್ತುಹಾಕಿದರೆ ಒಟ್ಟು ಖರ್ಚು ಏರಬಹುದು. ಇದನ್ನು ಸದ್ಯ ಮುಟ್ಟುವುದು ಬೇಡ.

ರೀಚ್ ಬಗ್ಗೆ ಕೇಳಿದವರಿಗೆ: ಪ್ಲೇಸ್‌ಮೆಂಟ್‌ಗಳ ರೀಚ್ ಕೂಡಿಸಬೇಡಿ. ಒಬ್ಬರೇ ಫೀಡ್‌ನಲ್ಲೂ ಸ್ಟೋರೀಸ್‌ನಲ್ಲೂ ನೋಡಿರುತ್ತಾರೆ.

ಸೋಮವಾರದಿಂದ ಏನು ಬದಲು

ಲಿಂಕ್ ಕ್ಲಿಕ್ ಆ್ಯಡ್ ಸೆಟ್ ನಿಲ್ಲಿಸುತ್ತೇನೆ. ಅದರ ಬಜೆಟ್ ಪರ್ಚೇಸ್ ಗುರಿಯ ಸೆಟ್‌ಗೆ ಹೋಗುತ್ತದೆ, ಒಂದೇ ಸಲಕ್ಕಲ್ಲ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ. ಚೌಕ ಚಿತ್ರವೂ ಆ ಪರ್ಚೇಸ್ ಸೆಟ್‌ಗೆ ಬಂದು ಫೀಡ್‌ನಲ್ಲಿ ಉಳಿಯುತ್ತದೆ, ಅಲ್ಲಿ ಅದು ಚೆನ್ನಾಗಿ ಓಡುತ್ತಿದೆ. ರೀಲ್ಸ್ ಮತ್ತು ಸ್ಟೋರೀಸ್‌ಗೆ ಅದೇ ಆ್ಯಡ್‌ನ ಒಳಗೆ ಬೇರೆ 9:16 ಫೈಲ್ ಹಾಕುತ್ತೇವೆ. ಆಡಿಯನ್ಸ್ ನೆಟ್‌ವರ್ಕ್ ಆಫ್.

ಕ್ರಿಯೇಟಿವ್ ಬದಲಾದರೆ ಸಿಸ್ಟಮ್ ಕಲಿಯುವ ಲರ್ನಿಂಗ್ ಹಂತ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದರಿಂದ ಹೊರಬರಲು ಒಂದು ಆ್ಯಡ್ ಸೆಟ್‌ಗೆ ವಾರದಲ್ಲಿ ಸುಮಾರು 50 ಆರ್ಡರ್ ಬೇಕು. ಹಾಗಾಗಿ ಮೊದಲ ವಾರ ಖರ್ಚು ಏರಿಳಿದರೆ ಯಾರೂ ಕೈ ಹಾಕಬೇಡಿ.

ಡಿಸೈನ್ ತಂಡಕ್ಕೆ: ಡೆಲಿವರಿ ಸಾಲು ಮೇಲಿನಿಂದ 270 ಮತ್ತು 1248 ಪಿಕ್ಸೆಲ್‌ಗಳ ನಡುವೆ ಇರಲಿ, ಎರಡೂ ಬದಿ 65 ಪಿಕ್ಸೆಲ್ ಬಿಡಿ. ಇದೇ ಫೈಲ್ ಸ್ಟೋರೀಸ್‌ಗೂ ಆಗುತ್ತದೆ, ಅಲ್ಲಿ ಕೆಳಗೆ 20% ಬಿಟ್ಟರೆ ಸಾಕು. ಶುಕ್ರವಾರ ಸಂಜೆಯೊಳಗೆ ಸಿಕ್ಕರೆ ಶನಿವಾರ ಎರಡು ಬೇರೆ ಫೋನ್‌ಗಳಲ್ಲಿ ಪ್ರಿವ್ಯೂ ನೋಡಿ ಹೇಳುತ್ತೇನೆ.