ಬೀಳ್ಕೊಡುಗೆ ಊಟದ ಬದಲಾದ ಅಡುಗೆಪಟ್ಟಿ: ಎಲ್ಲ ಸಹೋದ್ಯೋಗಿಗಳ ಗಮನಕ್ಕೆ

ಕಾಸರಗೋಡು
24 ಅಕ್ಟೋಬರ್ 2025

ಮಾನ್ಯ ಸಹೋದ್ಯೋಗಿಗಳೇ,

ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಲೆಕ್ಕಿಗರಾದ ರೈಗಳ ಬೀಳ್ಕೊಡುಗೆಯ ಊಟಕ್ಕೆ ಕಳೆದ ವಾರ ಪ್ರಕಟಿಸಿದ್ದ ಅಡುಗೆಪಟ್ಟಿಯನ್ನು ಬದಲಾಯಿಸಲಾಗಿದೆ. ಊಟವು 31ರ ಶುಕ್ರವಾರದ ಬದಲು 30 ಅಕ್ಟೋಬರ್, ಗುರುವಾರ ಮಧ್ಯಾಹ್ನ 1 ಗಂಟೆಗೆ, ಕಚೇರಿಯ ಮೇಲ್ಮಹಡಿಯ ಸಭಾಂಗಣದಲ್ಲಿ ನಡೆಯುತ್ತದೆ. ಶುಕ್ರವಾರ ಜುಮಾ ನಮಾಜಿಗೆ ಹೋಗುವವರು ಊಟದ ಆರಂಭಕ್ಕೆ ಇರಲಾಗುತ್ತಿರಲಿಲ್ಲ. ಗುರುವಾರ ಒಪ್ಪೊತ್ತು ಮಾಡುವ ಇಬ್ಬರನ್ನು ವಿಚಾರಿಸಿದ್ದೇನೆ. ಮಧ್ಯಾಹ್ನದ ಊಟವಾದ್ದರಿಂದ ತಮಗೆ ತೊಂದರೆಯಿಲ್ಲವೆಂದು ಅವರು ತಿಳಿಸಿದ್ದಾರೆ.

ಮೊದಲಿನ ಪಟ್ಟಿಯಲ್ಲಿ ಕೋಳಿ ಬಿರಿಯಾನಿ, ಸಿಗಡಿ ಸುಕ್ಕ, ಗೋಡಂಬಿ ಹಾಕಿದ ತುಪ್ಪದನ್ನ, ಗೋಬಿ ಮಂಚೂರಿ ಮತ್ತು ಐಸ್‌ಕ್ರೀಮ್ ಇದ್ದವು. ಅದನ್ನು ಓದಿದ ಬಳಿಕ ಹಲವರು ನನ್ನಲ್ಲಿಗೆ ಬಂದು, ಕೆಲವರು ಪತ್ರ ಬರೆದು, ತಮಗೆ ಸಲ್ಲದ ಪದಾರ್ಥಗಳ ವಿಷಯ ತಿಳಿಸಿದರು. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿದ್ದಾರೆ, ಗಡ್ಡೆಗೆಣಸುಗಳನ್ನೂ ಬಿಟ್ಟವರಿದ್ದಾರೆ, ಹಲಾಲ್ ಅಲ್ಲದ ಮಾಂಸ ಮುಟ್ಟದವರಿದ್ದಾರೆ, ಗೋಧಿ ಸೇರಿದರೆ ಕಾಯಿಲೆ ಬೀಳುವವರು, ಗೇರುಬೀಜ ಅಥವಾ ಸಿಗಡಿಯ ಅಲರ್ಜಿ ಇರುವವರು, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಇದ್ದಾರೆ. ಹೇಳಿಕೊಳ್ಳಲು ಸಂಕೋಚವಾಗುವ ವಿಷಯವನ್ನೂ ಮುಂದಾಗಿ ತಿಳಿಸಿದ ಎಲ್ಲರಿಗೂ ನಾನು ಕೃತಜ್ಞನಾಗಿದ್ದೇನೆ. ಯಾರಿಗೆ ಏನು ಸಲ್ಲದು ಎಂಬುದನ್ನು ಈ ಪತ್ರದಲ್ಲಿ ಹೆಸರಿಸಿಲ್ಲ, ಊಟದ ದಿನವೂ ಯಾರೂ ಯಾರನ್ನೂ ಕೇಳಬಾರದೆಂದು ವಿನಂತಿಸುತ್ತೇನೆ. ನಂಬಿಕೆಯಿಂದಾಗಲಿ ಆರೋಗ್ಯದಿಂದಾಗಲಿ ಒಂದು ಪದಾರ್ಥ ಬೇಡವೆಂದವರು ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಪ್ರತಿಯೊಬ್ಬರಿಗೂ ಬೇರೆ ಬೇರೆ ಪೊಟ್ಟಣ ತರಿಸೋಣವೆಂಬ ಸಲಹೆಯೂ ಬಂದಿತ್ತು. ನಾನು ಅದನ್ನು ಒಪ್ಪಲಿಲ್ಲ. ಇಷ್ಟು ವರ್ಷ ಜೊತೆಯಲ್ಲಿ ದುಡಿದವರನ್ನು ಕಳುಹಿಸಿಕೊಡುವ ದಿನ ಒಬ್ಬರು ಎಲೆಯ ಮುಂದೆ, ಇನ್ನೊಬ್ಬರು ಮೂಲೆಯಲ್ಲಿ ಪೊಟ್ಟಣ ಬಿಚ್ಚಿಕೊಂಡು ಕುಳಿತರೆ ಅದು ನಮ್ಮೆಲ್ಲರ ಊಟವಾಗುವುದಿಲ್ಲ. ಆದ್ದರಿಂದ ಆದಷ್ಟು ಎಲ್ಲರೂ ಉಣ್ಣಬಹುದಾದ ಒಂದೇ ಎಲೆಯೂಟವನ್ನು ಮುಖ್ಯವಾಗಿಟ್ಟುಕೊಂಡು, ಬದಿಯಡ್ಕದ ಅಡುಗೆಯವರೊಂದಿಗೆ ಕುಳಿತು ಪಟ್ಟಿಯನ್ನು ಹೊಸದಾಗಿ ಮಾಡಿದ್ದೇನೆ.

ಎಲೆಗೆ ಕುಚ್ಚಲಕ್ಕಿ ಮತ್ತು ಬೆಳ್ತಿಗೆ ಎರಡೂ ಅನ್ನ ಇರುತ್ತವೆ. ಜೊತೆಗೆ ಹೆಸರುಬೇಳೆ ಕೋಸಂಬರಿ, ಅಲಸಂಡೆ ಪಲ್ಯ, ತೊಗರಿಬೇಳೆಯ ಸಾರು, ಸೌತೆಕಾಯಿ ಹುಳಿ, ಅನಾನಸಿನ ಮೆಣಸ್ಕಾಯಿ, ಹಲಸಿನ ಹಪ್ಪಳ, ಮಜ್ಜಿಗೆ, ಕೊನೆಗೆ ಬೆಲ್ಲ ಮತ್ತು ತೆಂಗಿನ ಹಾಲಿನ ಹೆಸರುಬೇಳೆ ಪಾಯಸ. ಇವುಗಳಲ್ಲಿ ಯಾವುದಕ್ಕೂ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಗಡ್ಡೆಗಳನ್ನು ಹಾಕುವುದಿಲ್ಲ. ಗೇರುಬೀಜ, ನೆಲಗಡಲೆಗಳನ್ನು ಅಡುಗೆಮನೆಯೊಳಗೇ ತರುವುದಿಲ್ಲ. ಹಾಲು, ಮೊಸರು ಬೇಡದವರು ಮಜ್ಜಿಗೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಉಣ್ಣಬಹುದು. ತುಪ್ಪವನ್ನು ಅಡುಗೆಗೆ ಬಳಸದೆ, ಕೇಳಿದವರಿಗಷ್ಟೇ ಬಡಿಸಲಾಗುತ್ತದೆ. ಮೆಣಸ್ಕಾಯಿಗೆ ಎಳ್ಳು ಹುರಿದು ಹಾಕುವುದರಿಂದ ಎಳ್ಳು ಆಗದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ.

ಗೋಧಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಚಪಾತಿ, ಹೋಳಿಗೆ ಕೈಬಿಟ್ಟ ಮಾತ್ರಕ್ಕೆ ಊಟದಲ್ಲಿ ಗೋಧಿ ಇಲ್ಲವೆನ್ನಲು ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿ ಹೆಚ್ಚಾಗಿ ಬರೀ ಇಂಗಲ್ಲ. ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಅನೇಕ ಸಲ ಗೋಧಿಯದೇ ಆಗಿರುತ್ತದೆ. ಸಾರಿಗೂ ಹುಳಿಗೂ ಉಪ್ಪಿನಕಾಯಿಗೂ ಇಂಗು ಬೀಳುವುದು ನಮ್ಮ ಕಡೆಯ ವಾಡಿಕೆಯಾದ್ದರಿಂದ, ಗೋಧಿ ಸಲ್ಲದವರಿಗೆ ಅನ್ನ-ಸಾರೂ ತೊಂದರೆ ಕೊಡಬಹುದು. ಆದುದರಿಂದ ಈ ಅಡುಗೆಗೆ ಇಂಗನ್ನೇ ಬಳಸದೆ, ಸಾಸಿವೆ, ಜೀರಿಗೆ, ಒಣಮೆಣಸು, ಬೇವಿನೆಲೆಯ ಒಗ್ಗರಣೆ ಮಾತ್ರ ಕೊಡಲು ಅಡುಗೆಯವರು ಒಪ್ಪಿದ್ದಾರೆ. ಸಾರು-ಹುಳಿಗಳ ಪುಡಿಯನ್ನು ಅಂಗಡಿಯಿಂದ ತರದೆ ಅವರೇ ಹುರಿದು ಮಾಡುತ್ತಾರೆ. ಉಪ್ಪಿನಕಾಯಿಯನ್ನು ಇದೇ ಕಾರಣಕ್ಕೆ ಪಟ್ಟಿಯಿಂದ ತೆಗೆದಿದ್ದೇನೆ. ಹಪ್ಪಳವನ್ನು ಹೊಸ ತೆಂಗಿನೆಣ್ಣೆಯಲ್ಲಿ ಕರಿಯಲಾಗುತ್ತದೆ. ಮೈದಾದ ತಿಂಡಿಗಳನ್ನು ಕರಿದ ಎಣ್ಣೆಯನ್ನು ಮತ್ತೆ ಬಳಸುವುದಿಲ್ಲ. ಇಂಗಿಲ್ಲದ ಸಾರು ಸಪ್ಪೆಯೆನಿಸಬಹುದೆಂದು ಒಬ್ಬರು ಆಕ್ಷೇಪಿಸಿದರು. ಒಂದು ಹೊತ್ತಿನ ರುಚಿಗಿಂತ ಒಬ್ಬ ಸಹೋದ್ಯೋಗಿ ಅಂಜಿಕೆಯಿಲ್ಲದೆ ಉಣ್ಣುವುದು ದೊಡ್ಡದೆಂದು ನನ್ನ ನಿಲುವು.

ಇನ್ನು ಮಾಂಸದೂಟದ ಮಾತು. ಊಟವನ್ನು ಪೂರ್ತಿ ಸಸ್ಯಾಹಾರವನ್ನಾಗಿ ಮಾಡಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಪ್ರತಿ ಸಲವೂ ಮಾಂಸಾಹಾರಿಗಳೇ ಬಿಟ್ಟುಕೊಡಬೇಕೆನ್ನುವುದು ನ್ಯಾಯವಲ್ಲ. ರೈಗಳೂ ಕೋರಿ ರೊಟ್ಟಿ ಇರಲಿ ಎಂದು ಬಯಸಿದ್ದಾರೆ. ಆದ್ದರಿಂದ ಬಿರಿಯಾನಿ ಮತ್ತು ಸಿಗಡಿಯನ್ನು ಬಿಟ್ಟು, ಕೋರಿ ರೊಟ್ಟಿಯೊಂದನ್ನು ಸೇರಿಸಿಕೊಳ್ಳಲಾಗಿದೆ. ಅದನ್ನು ಕುಂಬಳೆಯ ಬೇರೊಬ್ಬ ಅಡುಗೆಯವರು ತಮ್ಮ ಮನೆಯಲ್ಲಿಯೇ, ಹಲಾಲ್ ಮಾಡಿದ ಕೋಳಿಯಿಂದ ತಯಾರಿಸಿ, ಮುಚ್ಚಿದ ಪಾತ್ರೆಗಳಲ್ಲಿ ತರುತ್ತಾರೆ. ರೊಟ್ಟಿ ಬರೀ ಅಕ್ಕಿಯದು. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ ಇರುತ್ತವೆ, ಗೇರುಬೀಜವಾಗಲಿ ಇಂಗಾಗಲಿ ಇರುವುದಿಲ್ಲ. ಅದೇ ಸಭಾಂಗಣದ ಕಿಟಕಿಯ ಬದಿಯ ಮೇಜಿನಲ್ಲಿ, ಬೇರೆ ಸೌಟು, ಬೇರೆ ಬಟ್ಟಲುಗಳೊಂದಿಗೆ ಅದನ್ನು ಇಡಲಾಗುತ್ತದೆ. ಬೇಕಾದವರು ಅಲ್ಲಿಯೇ ಬಡಿಸಿಕೊಂಡು ಅದರ ಪಕ್ಕದ ಸಾಲಿನಲ್ಲಿ ಕುಳಿತುಕೊಳ್ಳಬೇಕು. ಆ ಮೇಜಿನ ಸೌಟನ್ನು ಎಲೆಯೂಟದ ಪಾತ್ರೆಗಳಿಗೆ ಹಾಕಬಾರದು. ಈ ಒಂದು ವಿಷಯದಲ್ಲಿ ದಯವಿಟ್ಟು ತುಂಬಾ ಜಾಗ್ರತೆ ವಹಿಸಿ.

ಬಡಿಸಲು ಮುಂದೆ ಬಂದಿರುವ ನಮ್ಮ ಕಿರಿಯ ಸಹೋದ್ಯೋಗಿಗಳಲ್ಲಿ ಒಂದು ವಿಶೇಷ ವಿನಂತಿಯಿದೆ. ಬೇಡವೆಂದರೂ ಇನ್ನೊಂದು ಸೌಟು ಹಾಕುವುದು ನಮ್ಮೂರಿನ ಉಪಚಾರದ ರೀತಿ, ಅದರ ಹಿಂದಿನ ಪ್ರೀತಿ ನನಗೂ ತಿಳಿದಿದೆ. ಆದರೆ ಈ ಊಟದಲ್ಲಿ ಕೈ ಅಡ್ಡ ಹಿಡಿದವರ ಎಲೆಗೆ ಏನನ್ನೂ ಬಡಿಸಬೇಡಿ. ಮುಖ್ಯವಾಗಿ ಪಾಯಸವನ್ನು ಎಲೆಗೆ ಸುರಿಯದೆ, ಕೇಳಿದವರಿಗೆ ಮಾತ್ರ ಲೋಟದಲ್ಲಿ ಕೊಡಿ. ಬೆಲ್ಲದ ಪಾಯಸವೆಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರಿಗೆ ಅದು ಸಲ್ಲುತ್ತದೆಂದು ತಿಳಿಯಬಾರದು.

ಪ್ರತಿಯೊಬ್ಬರ ಪಾಲು ಮೊದಲು ತಿಳಿಸಿದಂತೆ 250 ರೂಪಾಯಿಯೇ. ಈಗಾಗಲೇ ಕೊಟ್ಟವರು ಮತ್ತೆ ಕೊಡಬೇಕಾಗಿಲ್ಲ. ಮನೆಯಿಂದ ಸಿಹಿತಿಂಡಿ ತರುವ ಯೋಚನೆಯುಳ್ಳವರು ಅದನ್ನು ಊಟದ ಸಭಾಂಗಣಕ್ಕೆ ತರದೆ, ಸಂಜೆಯ ಚಹಾದ ಹೊತ್ತಿಗೆ, ಅದರಲ್ಲಿ ಏನೇನಿದೆ ಎಂದು ಚೀಟಿ ಬರೆದು ಇಟ್ಟರೆ ಉಪಕಾರವಾಗುತ್ತದೆ.

ಇನ್ನೂ ಏನಾದರೂ ತಿಳಿಸಲು ಬಾಕಿಯಿದ್ದರೆ 28 ಅಕ್ಟೋಬರ್, ಮಂಗಳವಾರ ಸಂಜೆ 4 ಗಂಟೆಯೊಳಗೆ ನನ್ನನ್ನು ನೇರವಾಗಿ ಕಾಣಿರಿ. ಎಲ್ಲರೆದುರು ಹೇಳಲು ಇಷ್ಟವಿಲ್ಲದವರು ಲಕೋಟೆಯಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟರೂ ಸಾಕು. ಬುಧವಾರ ಬೆಳಿಗ್ಗೆ ಅಡುಗೆಯವರು ಸಾಮಾನು ಖರೀದಿಸುವುದರಿಂದ ಆ ನಂತರ ಬದಲಾವಣೆ ಕಷ್ಟ. ಈ ಪತ್ರದ ಮಲಯಾಳ ಪ್ರತಿಯನ್ನು ಸೂಚನಾ ಫಲಕದಲ್ಲಿ ಹಾಕಲಾಗಿದೆ.

ಇತಿ,
ಕಚೇರಿ ವ್ಯವಸ್ಥಾಪಕರು
ಕಾಸರಗೋಡು ಶಾಖೆ